ಬೆಣ್ಣೆ ದೋಸೆ ವಿಡಿಯೋಗೆ ಪದ ಹುಡುಕುವುದೆಲ್ಲಿ? ಯೂಟ್ಯೂಬ್ ಪಟ್ಟಿಯೋ, ಗೂಗಲ್ ಪುಟದ ತಳವೋ

ಯಾವ ಪದವನ್ನು ಎಷ್ಟು ಜನ ಹುಡುಕುತ್ತಾರೆ ಎಂದು ತೋರಿಸುವ, ದುಡ್ಡು ಕೊಟ್ಟು ಚಂದಾ ಪಡೆದಿದ್ದ ಕೀವರ್ಡ್ ತಂತ್ರಾಂಶವನ್ನು ಮೊದಲ ತಿಂಗಳಿಗೇ ನಿಲ್ಲಿಸಿದೆ. ಕನ್ನಡ ಲಿಪಿಯಲ್ಲಿ ಯಾವ ಅಡುಗೆಯ ಹೆಸರು ಕೊಟ್ಟರೂ ಅದು ತೋರಿಸುತ್ತಿದ್ದದ್ದು ಸೊನ್ನೆ, ಇಲ್ಲವೇ ಒಂದು ಅಡ್ಡಗೆರೆ. ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟಾಗ ಅಂಕಿ ಬಂದರೂ ಅದು ಗೂಗಲ್ ಹುಡುಕಾಟದ್ದು, ಯೂಟ್ಯೂಬಿನದಲ್ಲ. ದಾವಣಗೆರೆಯ ಮನೆಯಿಂದ ಅಡುಗೆ ಚಾನೆಲ್ ನಡೆಸುವ ನನಗೆ ಉಳಿದದ್ದು ಎರಡು ಪುಕ್ಕಟೆ ದಾರಿಗಳು: ಯೂಟ್ಯೂಬಿನಲ್ಲಿ ಟೈಪ್ ಮಾಡುವಾಗ ಕೆಳಗಿಳಿಯುವ ಸಲಹೆಗಳ ಪಟ್ಟಿ, ಮತ್ತು ಗೂಗಲ್ ಫಲಿತಾಂಶಗಳ ತಳದಲ್ಲಿ ಬರುವ ಸಂಬಂಧಿತ ಹುಡುಕಾಟಗಳು. ನನ್ನ ಒಲವು ಮೊದಲನೆಯದರ ಕಡೆಗೆ.

ಬೆಣ್ಣೆ ದೋಸೆಯನ್ನೇ ತೆಗೆದುಕೊಳ್ಳಿ. ಯೂಟ್ಯೂಬಿನಲ್ಲಿ benne dose ಎಂದು ಬರೆದು, ಒಂದು ಜಾಗ ಬಿಟ್ಟು, ಒಂದೊಂದೇ ಅಕ್ಷರ ಸೇರಿಸುತ್ತಾ ಹೋಗುತ್ತೇನೆ. c ಒತ್ತಿದರೆ ಚಟ್ನಿ, h ಒತ್ತಿದರೆ ಹಿಟ್ಟು, p ಒತ್ತಿದರೆ ಪಲ್ಯ ಎನ್ನುವ ಹಾಗೆ ಜನರ ಪ್ರಶ್ನೆಗಳು ಬಿಡಿಬಿಡಿಯಾಗಿ ಹೊರಬರುತ್ತವೆ. ಇಡೀ ತಟ್ಟೆಗೆ ಒಂದೇ ವಿಡಿಯೋ ಮಾಡುವುದಕ್ಕಿಂತ ಚಟ್ನಿಗೊಂದು, ಮಂಡಕ್ಕಿ ನೆನೆಸಿ ರುಬ್ಬುವ ಹಿಟ್ಟಿಗೊಂದು ಮಾಡಬಹುದು ಎಂದು ಹೊಳೆದದ್ದು ಹೀಗೆ. ಬಳಿಕ ಅದೇ ಸುತ್ತನ್ನು benne dosa ಎಂದು, ಕನ್ನಡ ಲಿಪಿಯಲ್ಲಿ ಬೆಣ್ಣೆ ದೋಸೆ ಎಂದು ಮತ್ತೆ ಮಾಡಬೇಕು. ಮೂರಕ್ಕೂ ಪಟ್ಟಿ ಬೇರೆ ಬೇರೆ. Davangere, Davanagere ಎಂಬ ಎರಡು ಕಾಗುಣಿತಗಳದ್ದೂ ಇದೇ ಕಥೆ. ಶೀರ್ಷಿಕೆಗೆ ನೂರು ಅಕ್ಷರಗಳ ಮಿತಿ ಇರುವುದರಿಂದ ಎಲ್ಲವನ್ನೂ ಅಲ್ಲಿ ತುರುಕಲಾಗದು. ಕನ್ನಡದ ರೂಪವನ್ನೂ ಇಂಗ್ಲಿಷ್ ಅಕ್ಷರದ ಒಂದು ರೂಪವನ್ನೂ ಶೀರ್ಷಿಕೆಯಲ್ಲಿಟ್ಟು, ಉಳಿದದ್ದನ್ನು ವಿವರಣೆಯ ವಾಕ್ಯಗಳಲ್ಲಿ ಸೇರಿಸುತ್ತೇನೆ.

ಈ ಪಟ್ಟಿಯ ದೊಡ್ಡ ಕಿರಿಕಿರಿ ಎಂದರೆ ಅದು ನಮ್ಮ ಮುಖವನ್ನೇ ನಮಗೆ ತೋರಿಸುವ ಕನ್ನಡಿಯಾಗಿಬಿಡುತ್ತದೆ. ಚಾನೆಲ್ ನಡೆಸುವವರು ತಮ್ಮ ವಿಡಿಯೋ ಎಷ್ಟನೆಯ ಸ್ಥಾನದಲ್ಲಿದೆ ಎಂದು ದಿನವೂ ಹುಡುಕುತ್ತಾರೆ. ಹಾಗೆ ಹುಡುಕಿದ ಪದಗಳೇ ಮರುದಿನ ಪಟ್ಟಿಯ ಮೇಲ್ತುದಿಯಲ್ಲಿ ಬಂದು ಕೂರುತ್ತವೆ. ಸಲಹೆಯ ಪಕ್ಕದ ಗುರುತನ್ನು ನೋಡಿದರೆ ಇದು ತಿಳಿಯುತ್ತದೆ: ಗಡಿಯಾರದ ಚಿತ್ರವಿದ್ದರೆ ಅದು ನಿಮ್ಮದೇ ಹಳೆಯ ಹುಡುಕಾಟ, ಭೂತಗನ್ನಡಿಯಿದ್ದರೆ ಸಾಮಾನ್ಯ ಸಲಹೆ.

ಗಡಿಯಾರದವುಗಳನ್ನು ಅಳಿಸಿದರೆ ಮುಗಿಯಿತು ಎನ್ನುವಂತಿಲ್ಲ. ಸಲಹೆಗಳ ಆಯ್ಕೆ ಮತ್ತು ಕ್ರಮದ ಮೇಲೂ ಖಾತೆಯ ಇತಿಹಾಸದ ನೆರಳು ಬೀಳಬಹುದು. ಆದ್ದರಿಂದ ಪದ ಹುಡುಕುವಾಗ ಬ್ರೌಸರಿನ ಇನ್‌ಕಾಗ್ನಿಟೋ ಎಂಬ ಅಜ್ಞಾತ ಕಿಟಕಿಯಲ್ಲಿ, ಖಾತೆಗೆ ಲಾಗಿನ್ ಆಗದೆ ಯೂಟ್ಯೂಬ್ ತೆರೆಯುತ್ತೇನೆ. ನನ್ನ ಖಾತೆಯಲ್ಲೂ ಈ ಕಿಟಕಿಯಲ್ಲೂ ಕಾಣಿಸುವ ಪದವನ್ನು ಮಾತ್ರ ನಂಬುತ್ತೇನೆ. ಅಜ್ಞಾತ ಕಿಟಕಿಯೂ ಊರನ್ನು ಮರೆಮಾಚುವುದಿಲ್ಲ. ಇಲ್ಲಿ ಕುಳಿತು ನೋಡಿದ ಪಟ್ಟಿಯೇ ಬೇರೆ ದೇಶದಲ್ಲಿರುವ ಕನ್ನಡಿಗರಿಗೂ ಬರುತ್ತದೆ ಎಂದುಕೊಳ್ಳಬಾರದು.

ಗೂಗಲ್ ತಳದ ಪಟ್ಟಿಯ ತೊಂದರೆ ಬೇರೆ. ದಾವಣಗೆರೆ ಬೆಣ್ಣೆ ದೋಸೆ ಎಂದು ಹುಡುಕುವವರಲ್ಲಿ ಹಲವರಿಗೆ ಬೇಕಿರುವುದು ಹೋಟೆಲು, ಹೆಂಚಲ್ಲ. ಫಲಿತಾಂಶದ ಮೇಲೆಯೇ ನಕ್ಷೆ, ಹೋಟೆಲುಗಳ ಸಾಲು ಕಂಡರೆ ಆ ಪದ ತಿನ್ನಲು ಹೊರಟವರದು. ತಳದಲ್ಲಿ ಬರುವ ಸಂಬಂಧಿತ ಹುಡುಕಾಟಗಳೂ ಅದೇ ದಾರಿ ಹಿಡಿಯುತ್ತವೆ. ಯೂಟ್ಯೂಬಿನಲ್ಲೂ ಊರಿನ ಹೆಸರು ಸೇರಿದರೆ ಹೋಟೆಲ್ ಸುತ್ತುವವರ ವಿಡಿಯೋಗಳು ಮುಂದೆ ಬರುತ್ತವೆ ಎನ್ನಿ. ಆದರೆ ಅಲ್ಲಿ 'ಹಿಟ್ಟು', 'ಮಾಡುವ ವಿಧಾನ' ಎಂದು ಸೇರಿಸಿದ ಕೂಡಲೇ ಅಡುಗೆಯವರ ಸಾಲು ಬೇರೆಯಾಗುತ್ತದೆ. ಸಲಹೆಯಲ್ಲಿ ಸಿಕ್ಕ ಪದವನ್ನು ಒಮ್ಮೆ ಒತ್ತಿ, ಮೊದಲ ಕೆಲವು ಫಲಿತಾಂಶಗಳನ್ನು ಕಣ್ಣಾಡಿಸದೆ ಶೀರ್ಷಿಕೆಗೆ ಏರಿಸಬೇಡಿ.

ಗೂಗಲ್ ಗೆಲ್ಲುವ ಜಾಗವೂ ಒಂದಿದೆ. 'ಜನರು ಇದನ್ನೂ ಕೇಳುತ್ತಾರೆ' ಎಂಬ ಬಗೆಯ ಪ್ರಶ್ನೆಗಳ ಪೆಟ್ಟಿಗೆ ಕಂಡಾಗ, ಅದರಲ್ಲಿನ ಒಂದು ಪ್ರಶ್ನೆಯನ್ನು ಬಿಡಿಸಿದರೆ ಕೆಳಗೆ ಇನ್ನಷ್ಟು ಹುಟ್ಟುತ್ತವೆ. ವಿಡಿಯೋದ ನಡುವೆ ಏನು ಹೇಳಬೇಕು ಎಂಬುದಕ್ಕೆ ಅವು ಒಳ್ಳೆಯ ಸರಕು.

ಎಷ್ಟು ಜನ ಹುಡುಕುತ್ತಾರೆ ಎಂಬ ಲೆಕ್ಕವನ್ನು ಎರಡೂ ಕೊಡುವುದಿಲ್ಲ. ಗೂಗಲ್ ಟ್ರೆಂಡ್ಸ್‌ನಲ್ಲಿ ಯೂಟ್ಯೂಬ್ ಹುಡುಕಾಟವನ್ನು ಆರಿಸಿದರೆ ಎರಡು ಪದಗಳಲ್ಲಿ ಯಾವುದು ಮೇಲು ಎಂಬುದು ತಿಳಿಯಬಹುದು. ನರ್ಗಿಸ್ ಮಂಡಕ್ಕಿಯಂತಹ ಸಣ್ಣ ಪದಕ್ಕೆ ಅಲ್ಲಿ ಗೆರೆ ಮೂಡದಿದ್ದರೂ ಜನ ಹುಡುಕುತ್ತಿಲ್ಲ ಎಂದರ್ಥವಲ್ಲ. ಯಾವ ಪದ ಕೆಲಸ ಮಾಡಿತು ಎಂಬುದಕ್ಕೆ ಖಚಿತ ಉತ್ತರ ಸಿಗುವುದು ವಿಡಿಯೋ ಹಾಕಿದ ಮೇಲೆ, ಯೂಟ್ಯೂಬ್ ಸ್ಟುಡಿಯೋದ ಅಂಕಿಅಂಶಗಳಲ್ಲಿ ವೀಕ್ಷಕರು ಯಾವ ಹುಡುಕು ಪದದಿಂದ ಬಂದರು ಎಂಬ ಪಟ್ಟಿಯಲ್ಲಿ.

ಚಿತ್ರದುರ್ಗದಲ್ಲಿರುವ ನಮ್ಮ ಅತ್ತಿಗೆಯವರು ವಿಡಿಯೋ ಮಾಡುವುದಿಲ್ಲ, ಅಡುಗೆಗಳನ್ನು ಬರೆದು ಪ್ರಕಟಿಸುತ್ತಾರೆ. ಅವರಿಗೆ ಗೂಗಲ್ ತಳವೇ ಸರಿ. ನನ್ನದು ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಸಿಗುವ ಅರ್ಧ ಗಂಟೆ. ಅಷ್ಟರಲ್ಲಿ ಯೂಟ್ಯೂಬ್ ಪಟ್ಟಿಯನ್ನು ಮೂರು ಕಾಗುಣಿತಗಳಲ್ಲಿ ಒಂದು ಸುತ್ತು ಹಾಕುತ್ತೇನೆ, ಗೂಗಲನ್ನು ಪ್ರಶ್ನೆಗಳಿಗಷ್ಟೇ ತೆರೆಯುತ್ತೇನೆ. ಚಂದಾಕ್ಕೆ ಹೋಗುತ್ತಿದ್ದ ಹಣ ಈಗ ಬೆಣ್ಣೆಗೆ ಹೋಗುತ್ತಿದೆ.