ಇನ್ನೂರು ವಿಡಿಯೋದಲ್ಲಿ ಹಳೇ ನಂಬರು: ಯೂಟ್ಯೂಬ್ ಸ್ಟುಡಿಯೋ ಫೋನಲ್ಲೋ, ಲ್ಯಾಪ್‌ಟಾಪಲ್ಲೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮನಸ್ಸು ಲ್ಯಾಪ್‌ಟಾಪಿನ ಕಡೆಗೇ ಇದೆ. ಕಳೆದ ವರ್ಷ ಇಪ್ಪತ್ನಾಲ್ಕು ಸಾವಿರ ಕೊಟ್ಟು ಟ್ಯಾಬ್ ತಗೊಂಡೆ, ಚಾನೆಲ್ ಕೆಲಸವೆಲ್ಲ ಅದರಲ್ಲೇ ಆಗುತ್ತದೆ ಎಂದು ನಂಬಿ. ಎಂಟು ತಿಂಗಳಾದ ಮೇಲೆ ಕುಶಾಲನಗರದಲ್ಲಿ ಹದಿನಾಲ್ಕು ಸಾವಿರಕ್ಕೆ ಹಳೇ ಲ್ಯಾಪ್‌ಟಾಪ್ ಒಂದನ್ನು ತಂದೆ. ಈಗ ಟ್ಯಾಬಿನಲ್ಲಿ ಮಗಳು ಪಾಠ ಓದುತ್ತಾಳೆ. ಯೂಟ್ಯೂಬ್ ಸ್ಟುಡಿಯೋ ಆ್ಯಪಿನಲ್ಲಿ ಒಂದಿದೆ, ಬ್ರೌಸರಿನಲ್ಲಿ studio.youtube.com ಅಂತ ಇನ್ನೊಂದಿದೆ. ಹೆಸರು ಒಂದೇ ಆದರೂ ಒಳಗೆ ಎರಡೂ ಬೇರೆ ಬೇರೆ ಎಂದು ನನಗೆ ಗೊತ್ತಾದದ್ದು ಒಂದು ಫೋನ್ ನಂಬರಿನಿಂದ.

ಸುಂಟಿಕೊಪ್ಪದ ಹತ್ತಿರ ನಮ್ಮದು ಸಣ್ಣ ನರ್ಸರಿ. ಕಾಫಿ ಸಸಿ, ಮೆಣಸಿನ ಬಳ್ಳಿ ಮಾಡುತ್ತೇವೆ. ಫೆಬ್ರವರಿ–ಮಾರ್ಚಲ್ಲಿ ಹಬ್ಬುಬಳ್ಳಿ ಕತ್ತರಿಸಿ, ಎರಡು ಮೂರು ಗಿಣ್ಣಿನ ತುಂಡು ಮಾಡಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಮಳೆ ಹಿಡಿಯುವ ಹೊತ್ತಿಗೆ ನೆಡಲು ತಯಾರು. ಇದನ್ನೆಲ್ಲ ವಿಡಿಯೋ ಮಾಡಿ ಹಾಕುತ್ತೇನೆ. ಪ್ರತಿ ವಿಡಿಯೋದ ವಿವರಣೆಯ ಕೊನೆಯಲ್ಲಿ ‘ಗಿಡ ಬೇಕಾದವರು ಕರೆ ಮಾಡಿ’ ಎಂದು ಬರೆದು ನಂಬರ್ ಕೊಡುವುದು ರೂಢಿ. ಹೊಸ ಮನೆಗೆ ಬಂದ ಮೇಲೆ ಹಳೇ ಸಿಮ್‌ಗೆ ಸಿಗ್ನಲ್ಲೇ ಸಿಗದೆ ನಂಬರ್ ಬದಲಿಸಿದೆ. ಒಂದು ದಿನ ಸೋಮವಾರಪೇಟೆ ಕಡೆಯ ಬೆಳೆಗಾರರೊಬ್ಬರು ದಾರಿ ಕೇಳಿಕೊಂಡು ನೇರ ತೋಟಕ್ಕೇ ಬಂದರು. “ಏನಕ್ಕಾ, ವಿಡಿಯೋದಲ್ಲಿರೋ ನಂಬರಿಗೆ ಮೂರು ದಿನದಿಂದ ಮಾಡ್ತಿದ್ದೀನಿ, ಹೋಗೋದೇ ಇಲ್ಲ.” ಅವರು ಬಂದರು, ಬಾರದೆ ಹೋದವರೆಷ್ಟೋ. ಆಗ ಚಾನೆಲಿನಲ್ಲಿ 212 ವಿಡಿಯೋ, 96 ಶಾರ್ಟ್ಸ್ ಇದ್ದವು.

ಅವತ್ತು ರಾತ್ರಿಯೇ ಟ್ಯಾಬ್ ಹಿಡಿದು ಕೂತೆ. ಆ್ಯಪಿನಲ್ಲಿ ಒಂದು ವಿಡಿಯೋ ತೆರೆಯಬೇಕು, ಪೆನ್ಸಿಲ್ ಗುರುತು ಒತ್ತಬೇಕು, ವಿವರಣೆಗೆ ಹೋಗಬೇಕು, ಬೆರಳಲ್ಲಿ ತಳದವರೆಗೆ ಸರಿಸಬೇಕು, ಹಳೇ ನಂಬರ್ ಅಳಿಸಿ ಹೊಸದು ಹಾಕಿ ಉಳಿಸಬೇಕು. ನಮ್ಮ ಕಡೆಯ ನೆಟ್‌ವರ್ಕಿನಲ್ಲಿ ಒಂದಕ್ಕೆ ಎರಡು ನಿಮಿಷ. ಎರಡು ರಾತ್ರಿ ಕೂತು ಆದದ್ದು 37. ಹಲವು ವಿಡಿಯೋ ಒಟ್ಟಿಗೆ ಆರಿಸಿ ವಿವರಣೆ ತಿದ್ದುವ ದಾರಿ ಆ್ಯಪಿನಲ್ಲಿ ಎಲ್ಲಾದರೂ ಅಡಗಿದೆಯೋ ಎಂದು ಹುಡುಕಿದ್ದೇ ಹುಡುಕಿದ್ದು, ಸಿಗಲಿಲ್ಲ. ಟ್ಯಾಬಿನ ಬ್ರೌಸರಿನಲ್ಲೇ ‘ಡೆಸ್ಕ್‌ಟಾಪ್ ಸೈಟ್’ ಹಾಕಿ ವೆಬ್ ಸ್ಟುಡಿಯೋ ತೆರೆದೂ ನೋಡಿದೆ. ತೆರೆಯುತ್ತದೆ, ಆದರೆ ಗುರುತು ಹಾಕುವ ಚೌಕಗಳು ಎಳ್ಳಿನಷ್ಟು. ಒಂದನ್ನು ಒತ್ತಿದರೆ ಪಕ್ಕದ್ದು ತೆರೆದುಕೊಳ್ಳುತ್ತದೆ. ಮೈಸೂರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದಾಗ, “ಅಕ್ಕ, ಅದು ಲ್ಯಾಪ್‌ಟಾಪಲ್ಲಿ ಹತ್ತು ನಿಮಿಷದ ಕೆಲಸ” ಎಂದ.

ಹತ್ತು ನಿಮಿಷವಲ್ಲ, ಒಂದು ಮಧ್ಯಾಹ್ನ ಹಿಡಿಯಿತು. ಆದರೆ ಪೂರ್ತಿ ಮುಗಿಯಿತು. ಹೇಗೆ ಮಾಡಿದೆ ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ಎಡವುವ ಜಾಗಗಳೆಲ್ಲ ಇಲ್ಲೇ ಇವೆ.

ವೆಬ್ಬಿನಲ್ಲಿ ಎಡಗಡೆ Content ಒತ್ತಿದರೆ ವಿಡಿಯೋಗಳ ಪಟ್ಟಿ ಬರುತ್ತದೆ. ಪಟ್ಟಿಯ ತಲೆಯಲ್ಲಿರುವ ಚೌಕ ಒತ್ತಿದರೆ ಎಲ್ಲವೂ ಆಯ್ಕೆಯಾಯಿತು ಅನ್ನಿಸುತ್ತದೆ. ಆಗಿರುವುದಿಲ್ಲ, ಆ ಪುಟದಲ್ಲಿ ಕಾಣುವಷ್ಟು ಮಾತ್ರ ಆಗಿರುತ್ತದೆ. ಆಗ ಮೇಲಿನ ಪಟ್ಟಿಯಲ್ಲಿ ಎಲ್ಲವನ್ನೂ ಆರಿಸುವ ಇನ್ನೊಂದು ಆಯ್ಕೆ ಕಾಣಿಸಿಕೊಳ್ಳುತ್ತದೆ, ಅದನ್ನೂ ಒತ್ತಬೇಕು. ಆಮೇಲೆ Edit ಒತ್ತಿ ವಿವರಣೆಯನ್ನು ಆರಿಸಿದರೆ, ಮೊದಲಿಗೆ ಸೇರಿಸು, ಕೊನೆಗೆ ಸೇರಿಸು, Find and replace ಹೀಗೆ ಕೆಲವು ದಾರಿ ತೋರಿಸುತ್ತದೆ. ಅದರಲ್ಲೇ ಇದ್ದ ಬರಹವನ್ನೆಲ್ಲ ತೆಗೆದು ಹೊಸದು ಹಾಕುವ ಆಯ್ಕೆಯೂ ಇದೆ. ಅದರ ಮೇಲೆ ಕೈ ಹೋದರೆ ಇನ್ನೂರ ಹನ್ನೆರಡು ವಿಡಿಯೋಗಳ ವಿವರಣೆಯೂ ಒಂದೇ ಸಾಲಾಗುತ್ತದೆ, ಮತ್ತೆ ಹಿಂದಕ್ಕೆ ತರುವ ಗುಂಡಿ ಇಲ್ಲ. ಅದಕ್ಕೆ ಮೊದಲು ಎರಡೇ ಎರಡು ಹಳೇ ವಿಡಿಯೋ ಆರಿಸಿ ಮಾಡಿ ನೋಡಿದೆ. ಸರಿಯಾಗಿ ಬಂದ ಮೇಲೆ ಉಳಿದವಕ್ಕೆ ಕೈ ಹಾಕಿದೆ.

ಹಳೇ ನಂಬರ್ ಹಾಕಿ, ಹೊಸ ನಂಬರ್ ಹಾಕಿ, ಒಪ್ಪಿಗೆಯ ಗುರುತು ಮಾಡಿ ಬಿಟ್ಟೆ. ಸ್ವಲ್ಪ ಹೊತ್ತು ತಿರುಗಿ ಮುಗಿಯಿತು ಎಂದು ತೋರಿಸಿತು. ತೆರೆದು ನೋಡಿದರೆ ಸುಮಾರು ಅರ್ಧದಷ್ಟರಲ್ಲಿ ಹಳೇ ನಂಬರ್ ಹಾಗೇ ಕೂತಿದೆ!

ಕಾರಣ ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು. ಈ ಸಾಧನ ಕೊಟ್ಟ ಅಕ್ಷರಗಳನ್ನು ಕೊಟ್ಟ ಹಾಗೇ ಹುಡುಕುತ್ತದೆ. ಇದು ಫೋನ್ ನಂಬರ್ ಎಂದು ಅದಕ್ಕೆ ಗೊತ್ತಿಲ್ಲ. ನಾನೋ ನಾಲ್ಕು ವರ್ಷದಲ್ಲಿ ನಾಲ್ಕು ಥರ ಬರೆದಿದ್ದೆ: ಹತ್ತಂಕಿ ಒಟ್ಟಿಗೆ, ಐದೈದಾಗಿ ನಡುವೆ ಜಾಗ ಬಿಟ್ಟು, ನಡುವೆ ಅಡ್ಡಗೆರೆ ಎಳೆದು, ಮತ್ತೆ ರಾಜ್ಯೋತ್ಸವದ ತಿಂಗಳಲ್ಲಿ ಹಾಕಿದ ಕೆಲವಕ್ಕೆ ಕನ್ನಡ ಅಂಕಿಯಲ್ಲಿ. ನಾಲ್ಕಕ್ಕೂ ಬೇರೆ ಬೇರೆಯಾಗಿ ನಾಲ್ಕು ಸಲ ಮಾಡಬೇಕಾಯಿತು. ಮುಂದೆ +91 ಇದ್ದವಕ್ಕೆ ಮಾತ್ರ ಪ್ರತ್ಯೇಕ ಕೆಲಸ ಬೀಳಲಿಲ್ಲ, ಹತ್ತಂಕಿ ಬದಲಾದರೆ ಮುಂದಿನದು ಹಾಗೇ ಉಳಿದು ಸರಿಯಾಗುತ್ತದೆ. ಪ್ರತಿ ಸಲ ಮುಗಿದ ಮೇಲೆ ಪಟ್ಟಿಯ ಮೇಲಿನ ಫಿಲ್ಟರಿನಲ್ಲಿ ವಿವರಣೆ ಆರಿಸಿ ಅದೇ ಥರದ ಹಳೇ ನಂಬರ್ ಹಾಕಿ ನೋಡಿದೆ. ಪಟ್ಟಿ ಖಾಲಿ ಬಂದರೆ ಆ ಥರದ್ದು ಮುಗಿದಂತೆ. ಹೀಗೆ ಖಾತ್ರಿ ಮಾಡಿಕೊಳ್ಳದಿದ್ದರೆ ನಾನು ಮೊದಲ ಸಲಕ್ಕೇ ಎದ್ದು ಹೋಗಿರುತ್ತಿದ್ದೆ. ಶಾರ್ಟ್ಸ್ ಬೇರೆಯೇ ಪಟ್ಟಿಯಲ್ಲಿರುತ್ತದೆ, ಅದಕ್ಕೆ ಇದೆಲ್ಲ ಮತ್ತೊಮ್ಮೆ.

ಇನ್ನು ನಾಲ್ಕು ಥರ ಆದದ್ದು ಯಾಕೆ? ಅದರ ಬೇರೂ ಫೋನಿನಲ್ಲೇ ಸಿಕ್ಕಿತು. ವೆಬ್ ಸ್ಟುಡಿಯೋದ ಸೆಟ್ಟಿಂಗ್ಸಿನಲ್ಲಿ Upload defaults ಅಂತ ಇದೆ. ಅಲ್ಲಿ ಒಮ್ಮೆ ವಿವರಣೆಯ ಕೊನೆಯ ಸಾಲುಗಳನ್ನು ಬರೆದಿಟ್ಟರೆ ಮುಂದೆ ಹಾಕುವ ಪ್ರತಿ ವಿಡಿಯೋಗೂ ತಾನಾಗಿ ಬಂದು ಕೂರುತ್ತದೆ. ಆದರೆ ಬ್ರೌಸರಿನಿಂದ ಹಾಕಿದ ವಿಡಿಯೋಗೆ ಮಾತ್ರ. ಫೋನಿನ ಆ್ಯಪಿನಿಂದ ಹಾಕಿದ್ದಕ್ಕೆ ಅದು ಅನ್ವಯಿಸುವುದಿಲ್ಲ. ನಾನು ಎಲ್ಲವನ್ನೂ ಫೋನಿನಿಂದ ಹಾಕುತ್ತಿದ್ದೆ, ಆದ್ದರಿಂದ ಪ್ರತಿ ಸಲ ಕೈಯಲ್ಲೇ ಬರೆದು ಪ್ರತಿ ಸಲ ಬೇರೆ ಥರ ಬಂತು. ಈಗ ಹೊಸ ನಂಬರ್ ಒಂದೇ ರೂಪದಲ್ಲಿ ಅಲ್ಲಿ ಕೂತಿದೆ. ನಾಳೆ ಮತ್ತೆ ಬದಲಾದರೂ ಒಂದೇ ಸಲದ ಕೆಲಸ.

ಸಮಯ ನಿಗದಿ ಮಾಡಿ ವಿಡಿಯೋ ಬಿಡುವುದು ಎರಡರಲ್ಲೂ ಆಗುತ್ತದೆ. ನಿಗದಿಯಾದ ವಿಡಿಯೋ ಆ ಹೊತ್ತಿನವರೆಗೆ ಯಾರಿಗೂ ಕಾಣದಂತೆ ಇದ್ದು, ಹೊತ್ತಾದಾಗ ತಾನೇ ಹೊರಗೆ ಬರುತ್ತದೆ. ನಮಗೆ ಇದು ಬೇಕೇ ಬೇಕು. ಜೂನ್–ಜುಲೈಯಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಹೋದರೆ ಎರಡು ದಿನ ಬರುವುದಿಲ್ಲ. ಮಳೆ ಶುರುವಾಗುವ ಮೊದಲೇ ಆರು ವಾರದ ವಿಡಿಯೋ ಏರಿಸಿಟ್ಟುಬಿಡುತ್ತೇನೆ. ಇಂಥ ಕೆಲಸಕ್ಕೆ ವೆಬ್ಬಿನಲ್ಲಿ ಒಂದೇ ಸಲಕ್ಕೆ ಹದಿನೈದು ಫೈಲು ಕೊಡಬಹುದು. ಮಡಿಕೇರಿಯಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗಿ, ಅಲ್ಲಿಯ ವೈಫೈನಲ್ಲಿ ರಾತ್ರಿ ಹಚ್ಚಿಟ್ಟರೆ ಬೆಳಿಗ್ಗೆಗೆ ಮುಗಿದಿರುತ್ತದೆ. ಏರಿ ಮುಗಿಯುವವರೆಗೆ ಆ ಪುಟ ಮುಚ್ಚಬಾರದು, ಲ್ಯಾಪ್‌ಟಾಪ್ ನಿದ್ದೆಗೆ ಹೋಗಲೂಬಾರದು. ಫೋನಿನಲ್ಲಿ ತೆಗೆದದ್ದನ್ನು ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವುದು ಒಂದು ರಗಳೆ, ಅದನ್ನು ಒಪ್ಪುತ್ತೇನೆ.

ಲೆಕ್ಕಾಚಾರದ ವಿಷಯದಲ್ಲಿ, ಇವತ್ತು ಹಾಕಿದ್ದು ಹೇಗೆ ಓಡುತ್ತಿದೆ ಎಂದು ನೋಡಲು ಆ್ಯಪ್ ಸಾಕು. ಕಳೆದ 48 ಗಂಟೆಯ ವೀಕ್ಷಣೆ ತೋಟದಲ್ಲಿ ನಿಂತೇ ಕಾಣುತ್ತದೆ. ಆದರೆ ಮುಂದಿನ ವರ್ಷ ಎಷ್ಟು ಬಳ್ಳಿ ಮಾಡಬೇಕು ಎಂದು ಯೋಚಿಸುವಾಗ ಅದರಿಂದ ಪ್ರಯೋಜನವಿಲ್ಲ. ವೆಬ್ಬಿನ Advanced mode ಒಳಗೆ ಮೆಣಸಿನ ವಿಡಿಯೋಗಳದ್ದೊಂದು ಗುಂಪು, ಕಾಫಿಯದ್ದೊಂದು ಗುಂಪು ಮಾಡಿಟ್ಟುಕೊಂಡಿದ್ದೇನೆ. ಈ ವರ್ಷದ ಜನವರಿಯಿಂದ ಮಾರ್ಚನ್ನು ಹೋದ ವರ್ಷದ ಅದೇ ಮೂರು ತಿಂಗಳ ಪಕ್ಕ ಇಟ್ಟು ನೋಡಬಹುದು. ಜನ ಏನು ಹುಡುಕಿ ಬಂದರು ಎನ್ನುವ ಪದಗಳ ಪಟ್ಟಿಯೂ ಅಲ್ಲಿ ಉದ್ದಕ್ಕೆ ಸಿಗುತ್ತದೆ, ಫೈಲಾಗಿ ಇಳಿಸಿಕೊಳ್ಳಲೂ ಬರುತ್ತದೆ. ‘ಪಣಿಯೂರು’ ಎಂದು ತಳಿಯ ಹೆಸರನ್ನೇ ಹಾಕಿ ಹುಡುಕುವವರು ಬಹಳ ಎಂದು ಅದರಿಂದಲೇ ತಿಳಿದು, ಆ ತಳಿಯ ತಾಯಿಬಳ್ಳಿ ಹೆಚ್ಚಿಸಿದೆ.

ಇಲ್ಲೊಂದು ಸೂಕ್ಷ್ಮವಿದೆ. ಈ ದಿನವಾರು ಲೆಕ್ಕದಲ್ಲಿ ‘ದಿನ’ ಎಂದರೆ ನಮ್ಮ ದಿನವಲ್ಲ, ಅಮೆರಿಕದ ಪಶ್ಚಿಮ ಕರಾವಳಿಯದ್ದು. ನಮ್ಮ ಮಧ್ಯಾಹ್ನ ಹನ್ನೆರಡೂವರೆಗೆ ಅವರ ಹೊಸ ದಿನ ಶುರು, ಅವರ ಚಳಿಗಾಲದಲ್ಲಿ ಒಂದೂವರೆಗೆ. ಭಾನುವಾರ ಬೆಳಿಗ್ಗೆ ಆರಕ್ಕೆ ಬಿಟ್ಟ ವಿಡಿಯೋ ಅಲ್ಲಿ ಶನಿವಾರದ ಸಾಲಿಗೆ ಸೇರುತ್ತದೆ, ಮೊದಲ ದಿನ ಎಂದು ಅದಕ್ಕೆ ಸಿಗುವುದು ಆರೂವರೆ ಗಂಟೆ. ಸಂಜೆ ಏಳಕ್ಕೆ ಬಿಟ್ಟದ್ದಕ್ಕೆ ಹದಿನೇಳೂವರೆ ಗಂಟೆ. ಇದು ತಿಳಿಯದೆ ಬೆಳಗಿನ ವಿಡಿಯೋ ಓಡುವುದೇ ಇಲ್ಲ ಎಂದುಕೊಂಡು ಒಂದು ಇಡೀ ಸೀಸನ್ ಸಂಜೆಗೇ ಹಾಕುತ್ತಿದ್ದೆ. ಈಗ ಮೊದಲ ಏಳು ದಿನದ ಮೊತ್ತ ಹೋಲಿಸುತ್ತೇನೆ, ಬೆಳಗಿನವು ಏನೂ ಕಡಿಮೆಯಿಲ್ಲ.

ಕಾಮೆಂಟಿಗೆ ಉತ್ತರ ಕೊಡಲು ಫೋನೇ ಸರಿ. ಎಲೆಗೆ ಚುಕ್ಕೆ ಬಂದಿದೆ, ಬುಡ ಕಪ್ಪಾಗಿದೆ ಎಂದು ಯಾರಾದರೂ ಬರೆದರೆ ಕೂಡಲೇ ಗೊತ್ತಾಗುತ್ತದೆ, ಕಾಯಿಸದೆ ಹೇಳಬಹುದು.

ತಿಂಗಳಿಗೆ ಒಂದೆರಡು ವಿಡಿಯೋ ಹಾಕುವವರು, ಒಟ್ಟು ಇಪ್ಪತ್ತು ಮೂವತ್ತು ದಾಟದವರು ಲ್ಯಾಪ್‌ಟಾಪಿಗೆ ದುಡ್ಡು ಹಾಕಬೇಕಾಗಿಲ್ಲ. ತಿದ್ದುವುದಿದ್ದರೆ ಯಾರದ್ದಾದರೂ ಒಂದು ಮಧ್ಯಾಹ್ನಕ್ಕೆ ಕೇಳಿ ತಂದರಾಯಿತು. ನೂರು ದಾಟಿದ್ದರೆ, ವಿವರಣೆಯಲ್ಲಿ ನಂಬರೋ ಬೆಲೆಯೋ ಇದ್ದರೆ, ಹೊಸ ಟ್ಯಾಬಿಗಿಂತ ಹಳೇ ಲ್ಯಾಪ್‌ಟಾಪ್ ಮೇಲು. ನನ್ನದು ಬ್ಯಾಟರಿ ಒಂದೂವರೆ ಗಂಟೆ ಬರುತ್ತದೆ. ಭಾನುವಾರ ಮಧ್ಯಾಹ್ನದ ಕೆಲಸಕ್ಕೆ ಅಷ್ಟು ಸಾಕು.

ವೆಬ್ಬಿನಿಂದಲೂ ಆಗದ್ದು ಒಂದು ಉಳಿದಿದೆ. ಕೆಲವು ವಿಡಿಯೋಗಳ ಕೆಳಗೆ ನಾನೇ ಕಾಮೆಂಟ್ ಬರೆದು ಪಿನ್ ಮಾಡಿದ್ದೆ, ಅದರಲ್ಲೂ ಹಳೇ ನಂಬರಿದೆ. ವಿವರಣೆ ಬದಲಿಸಿದರೆ ಅದು ಬದಲಾಗುವುದಿಲ್ಲ, ಒಟ್ಟಿಗೆ ತಿದ್ದುವ ಸಾಧನವೂ ಅದಕ್ಕಿಲ್ಲ. ರಾತ್ರಿ ಊಟವಾದ ಮೇಲೆ ದಿನಕ್ಕೆ ಐದರಂತೆ ಫೋನಿನಲ್ಲೇ ತಿದ್ದುತ್ತಿದ್ದೇನೆ. ಇನ್ನು ಇಪ್ಪತ್ತೆರಡು ಬಾಕಿ.