ಅಂಟು ಬಿಡಿಸಲು ನೀಲಗಿರಿ ಎಣ್ಣೆ: ಮೂರು ವರ್ಷ ಬಳಸಿದ ಮೇಲೆ

ನಮ್ಮ ಮನೆಯಲ್ಲಿ ಪ್ರತಿ ವರ್ಷ ಮಾವಿನ ಮಿಡಿ ಉಪ್ಪಿನಕಾಯಿ ಹಾಕಿ ನೆಂಟರಿಗೆಲ್ಲ ಹಂಚುತ್ತೇವೆ. ಅದಕ್ಕೆ ಬೇಕಾಗುವ ಮೂವತ್ತು ನಲವತ್ತು ಗಾಜಿನ ಬಾಟಲಿಗಳನ್ನು ಹೊಸದಾಗಿ ಕೊಳ್ಳುವುದಿಲ್ಲ. ಜಾಮ್, ಜೇನುತುಪ್ಪ, ಕಾಫಿಪುಡಿ ಮುಗಿದ ಬಾಟಲಿಗಳನ್ನು ವರ್ಷವಿಡೀ ಕೂಡಿಡುತ್ತೇವೆ. ತೊಂದರೆ ಇದ್ದದ್ದು ಲೇಬಲ್ಲಿನದು. ಕಾಗದ ಹರಿದು ಬರುತ್ತದೆ, ಅಂಟು ಉಳಿಯುತ್ತದೆ, ಆ ಜಿಗುಟಿಗೆ ಧೂಳು ಹಿಡಿದು ಬಾಟಲಿ ಕಪ್ಪಾಗುತ್ತದೆ. ಮೂರು ವರ್ಷದ ಹಿಂದೆ ಊಟಿಗೆ ಹೋದವರು ನೆಗಡಿಗೆಂದು ತಂದುಕೊಟ್ಟ ನೀಲಗಿರಿ ಎಣ್ಣೆಯ ಸಣ್ಣ ಸೀಸೆ ಒಂದಿತ್ತು. ಅದರ ನಾಲ್ಕು ಹನಿ ಆ ಅಂಟಿನ ಮೇಲೆ ಬಿದ್ದು ಅಂಟು ಮೇಣದ ಹಾಗೆ ಜಾರಿದ್ದನ್ನು ನೋಡಿದ ದಿನದಿಂದ ಬೇರೆ ಏನನ್ನೂ ಮೊದಲು ಕೈಗೆತ್ತಿಕೊಂಡಿಲ್ಲ. ಈಗ ಮೂರನೇ ಸೀಸೆ ನಡೆಯುತ್ತಿದೆ, ಒಂದೊಂದೂ 100 ಮಿ.ಲೀ.

ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಫ್ಯಾನಿನ ಕೆಳಗೆ ಕೆಲವು ಗಂಟೆ ಇಡಿ. ಒಳ್ಳೆಯ ನೀಲಗಿರಿ ಎಣ್ಣೆ ಪೂರ್ತಿ ಆರಿಹೋಗಿ ಕಾಗದ ಹೆಚ್ಚುಕಡಿಮೆ ಮೊದಲಿನಂತೆಯೇ ಆಗುತ್ತದೆ. ಬಜ್ಜಿ ಇಟ್ಟ ಕಾಗದದ ಹಾಗೆ ಪಾರದರ್ಶಕ ಕಲೆ ಉಳಿದರೆ ಅದರಲ್ಲಿ ಆರದ ಬೇರೆ ಎಣ್ಣೆ ಬೆರೆಸಿದ್ದಾರೆ. ನನ್ನ ಎರಡನೇ ಸೀಸೆ ಅಂಥದ್ದು, ಪ್ರವಾಸಿ ಜಾಗದ ರಸ್ತೆಬದಿಯಲ್ಲಿ ಕೊಂಡದ್ದು. ಕೆಲಸ ಮಾಡಲಿಲ್ಲ ಎನ್ನಲಾರೆ. ಆದರೆ ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯಿತು, ಕೊನೆಗೆ ಆ ಜಿಡ್ಡನ್ನೂ ತೊಳೆಯಬೇಕಾಯಿತು. ಅಂಟನ್ನು ಕರಗಿಸುವುದು ಈ ಎಣ್ಣೆಯಲ್ಲಿ ಹೆಚ್ಚಿನ ಪಾಲು ಇರುವ ಸಿನಿಯೋಲ್ ಎಂಬ ಅಂಶ. ಅದು ಕಡಿಮೆಯಾದಷ್ಟೂ ನೀವು ಉಜ್ಜುವುದು ಹೆಚ್ಚು.

ಎಣ್ಣೆ ಹಚ್ಚುವ ಮೊದಲು ಅಂಟು ಯಾವ ಜಾತಿಯದು ಎಂದು ತಿಳಿಯಬೇಕು. ಇದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು, ಅಷ್ಟರಲ್ಲಿ ಅರ್ಧ ಸೀಸೆ ಸುಮ್ಮನೆ ಖರ್ಚಾಗಿತ್ತು. ಬಾಟಲಿಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ನೇರವಾಗಿ ಕುದಿಯುವ ನೀರಿಗೆ ಹಾಕಬೇಡಿ, ಗಾಜು ಬಿರಿಯುತ್ತದೆ. ಲೇಬಲ್ ತಾನೇ ಜಾರಿ, ಅಂಟು ಗಂಜಿಯ ಹಾಗೆ ಲೋಳೆಯಾಗಿ ಬೆಳ್ಳಗೆ ಕರಗಿದರೆ ಅದು ನೀರಿಗೆ ಬಗ್ಗುವ ಅಂಟು. ಅದಕ್ಕೆ ಎಣ್ಣೆಯ ಒಂದು ಹನಿಯೂ ಬೇಡ, ಸ್ಕ್ರಬ್ಬರ್ ಸಾಕು. ಕಾಗದ ಮಾತ್ರ ನೆನೆದು ಬಂದು, ಕೆಳಗೆ ಬೆರಳಿಗೆ ಅಂಟುವ ರಬ್ಬರಿನಂಥ ಪದರ ಉಳಿದರೆ ಅದು ಒತ್ತಿ ಅಂಟಿಸುವ ಸ್ಟಿಕ್ಕರಿನ ಅಂಟು. ನೀಲಗಿರಿ ಎಣ್ಣೆಗೆ ಕೆಲಸ ಇರುವುದು ಇಲ್ಲಿ.

ಕಾಗದ ಇರುವಾಗಲೇ ಎಣ್ಣೆ ಸುರಿಯುವುದು ನಾನು ಮೊದಮೊದಲು ಮಾಡುತ್ತಿದ್ದ ತಪ್ಪು. ಕಾಗದದ ಮೇಲ್ಮೈಗೆ ಪ್ಲಾಸ್ಟಿಕ್ಕಿನ ಹೊಳಪು ಇದ್ದರೆ ಎಣ್ಣೆ ಕೆಳಗಿಳಿಯುವುದೇ ಇಲ್ಲ, ಮೇಲೇ ಆರಿಹೋಗುತ್ತದೆ. ಕಾಗದ ಪೂರ್ತಿ ತೆಗೆದು, ಬಾಟಲಿ ಒರೆಸಿ ಒಣಗಿಸಿ, ಆಮೇಲೆ ಹತ್ತಿಯ ಉಂಡೆಗೆ ಎಂಟು ಹತ್ತು ಹನಿ ಹಾಕಿ ಅಂಟಿನ ಮೇಲೆಲ್ಲ ಸವರಿ. ಬೇಗ ಆರದಿರಲು ಮೇಲೆ ಪ್ಲಾಸ್ಟಿಕ್ ಕವರಿನ ತುಂಡೊಂದನ್ನು ಸುತ್ತಿಡುತ್ತೇನೆ. ಹತ್ತು ನಿಮಿಷ ಕಾಯಿರಿ. ಅಂಟು ಉಬ್ಬಿ ಮೆದುವಾಗಿ, ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ತಳ್ಳಿದರೆ ಸುರುಳಿ ಸುರುಳಿಯಾಗಿ ಬರುತ್ತದೆ. ಬರದಿದ್ದರೆ ಉಜ್ಜಬೇಡಿ, ಇನ್ನೊಂದು ಸಲ ಸವರಿ ಕಾಯಿರಿ. ಉಜ್ಜಿದರೆ ಅರೆ ಕರಗಿದ ಅಂಟು ಬಾಟಲಿಯ ತುಂಬ ತೆಳುವಾಗಿ ಹರಡುತ್ತದೆ.

ಆಮೇಲೆ ಬರೀ ನೀರಿನಲ್ಲಿ ತೊಳೆದರೆ ಎಣ್ಣೆ ಹೋಗುವುದಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ಒಣ ಬಾಟಲಿಗೇ ಹಚ್ಚಿ, ಕೈಯಲ್ಲಿ ತಿಕ್ಕಿ, ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಡಬೇಕು. ಗಾಜಿನಲ್ಲಿ ವಾಸನೆ ಉಳಿಯುವುದಿಲ್ಲ. ಉಳಿಯುವುದು ಮುಚ್ಚಳದಲ್ಲಿ. ತಗಡಿನ ಮುಚ್ಚಳದ ಒಳಗಿನ ಮೆತ್ತನೆಯ ಉಂಗುರ ಈ ಎಣ್ಣೆಯನ್ನು ಹೀರಿಕೊಂಡರೆ ಬಿಡುವುದೇ ಇಲ್ಲ. ಮೊದಲ ವರ್ಷ ಐದು ಬಾಟಲಿ ಉಪ್ಪಿನಕಾಯಿ ನನ್ನ ಅತ್ತಿಗೆಯ ಮನೆಗೆ ಹೋಗಿತ್ತು. ಅವರು ಫೋನ್ ಮಾಡಿ, "ಈ ಸಲ ಒಗ್ಗರಣೆಗೆ ಏನು ಹಾಕಿದ್ದೀರಿ, ವಿಕ್ಸ್ ಹಚ್ಚಿಕೊಂಡ ಹಾಗೆ ವಾಸನೆ ಬರುತ್ತಿದೆಯಲ್ಲ" ಎಂದು ಕೇಳಿದರು. ಒಂದು ವರ್ಷದ ಮಿಡಿ, ಅದೂ ನೆಲಕ್ಕೆ ಬೀಳದ ಹಾಗೆ ಮರ ಹತ್ತಿ ಕೊಯ್ಸಿದ್ದು. ಐದೂ ಬಾಟಲಿ ಎಸೆಯಬೇಕಾಯಿತು. ಅಂದಿನಿಂದ ಎಣ್ಣೆ ತೆಗೆಯುವ ಮೊದಲು ಮುಚ್ಚಳಗಳೆಲ್ಲ ಬೇರೆ ಕೋಣೆಗೆ ಹೋಗುತ್ತವೆ. ಮುಚ್ಚಳದ ಮೇಲಿನ ಬೆಲೆಯ ಚೀಟಿಗೆ ಸೋಪಿನ ಬಿಸಿನೀರು ಮತ್ತು ಉಗುರು, ಅಷ್ಟೇ.

ಸ್ಟೀಲಿನ ಟಿಫಿನ್ ಡಬ್ಬಿಯ ವಿಷಯದಲ್ಲಿ ಎಣ್ಣೆಗಿಂತ ಬಿಸಿ ಮುಖ್ಯ. ನಮ್ಮ ಅಕ್ಕನ ಮದುವೆಗೆ ಬಂದಿದ್ದ ನಾಲ್ಕು ಡಬ್ಬಿಯ ಕ್ಯಾರಿಯರ್ ಹನ್ನೊಂದು ವರ್ಷ ಅಟ್ಟದಲ್ಲಿ ಇತ್ತು. ಪ್ರತಿ ಡಬ್ಬಿಗೂ ಕಂಪನಿಯ ದೊಡ್ಡ ಸ್ಟಿಕ್ಕರ್. ಪ್ಲಾಸ್ಟಿಕ್ ಪದರ ಒಣಗಿ ಚೂರು ಚೂರಾಗುತ್ತಿತ್ತು, ಅಂಟು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಅಂಟು ಹಳದಿಯಾಗಿ ಗಟ್ಟಿಯಾಗಿದ್ದರೆ ಅದು ಸಾಮಾನ್ಯವಾಗಿ ರಬ್ಬರಿನಿಂದ ಮಾಡಿದ್ದು, ಗಾಳಿ ತಾಗಿ ಹಳತಾಗಿದೆ ಎಂದರ್ಥ. ನಾನು ಡಬ್ಬಿಯ ಒಳಗೆ ಕುದಿಯುವ ನೀರು ತುಂಬಿದೆ. ಸ್ಟೀಲು ತೆಳು, ಒಂದೆರಡು ನಿಮಿಷದಲ್ಲಿ ಹೊರಗಿನ ಅಂಟಿಗೆ ಹಿಂದಿನಿಂದಲೇ ಕಾವು ತಟ್ಟುತ್ತದೆ. ಬಟ್ಟೆಯಲ್ಲಿ ಡಬ್ಬಿ ಹಿಡಿದು, ಸ್ಟಿಕ್ಕರಿನ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಡಬ್ಬಿಗೆ ಒರಗಿಸಿಕೊಂಡೇ ನಿಧಾನ ಎಳೆದೆ. ಮೇಲಕ್ಕೆ ಜಗ್ಗಿದರೆ ಹರಿಯುತ್ತದೆ. ಎರಡು ಡಬ್ಬಿಯದು ಇಡಿಯಾಗಿ ಬಂತು. ಇನ್ನೆರಡರಲ್ಲಿ ಉಳಿದ ಅಂಟಿಗೆ ಡಬ್ಬಿ ಪೂರ್ತಿ ತಣಿದ ಮೇಲೆ ನೀಲಗಿರಿ ಎಣ್ಣೆ ಸವರಿ, ಕವರ್ ಸುತ್ತಿ ಇಪ್ಪತ್ತು ನಿಮಿಷ ಬಿಟ್ಟೆ. ಎರಡು ಸಲ ಹಚ್ಚಬೇಕಾಯಿತು. ನಾಲ್ಕಕ್ಕೂ ಸೇರಿ ಒಂದೂವರೆ ಗಂಟೆ, ಎರಡು ಟೀ ಚಮಚದಷ್ಟು ಎಣ್ಣೆ.

ಖಾಲಿ ಡಬ್ಬಿಯನ್ನು ಗ್ಯಾಸ್ ಉರಿಯ ಮೇಲೆ ಕಾಯಿಸಿ ಅಂಟು ಕೀಳುವವರಿದ್ದಾರೆ. ಮಾಡಬೇಡಿ. ಅಂಟು ಸುಟ್ಟು ಕಪ್ಪಾಗಿ ಕಚ್ಚಿಕೊಳ್ಳುತ್ತದೆ, ಸ್ಟೀಲಿಗೆ ನೀಲಿ ಕಂದು ಬಣ್ಣ ಹತ್ತುತ್ತದೆ. ಎಣ್ಣೆ ಹಚ್ಚಿದ ಡಬ್ಬಿಯನ್ನಂತೂ ಒಲೆಯ ಹತ್ತಿರ ತರಲೇಬಾರದು, ಈ ಎಣ್ಣೆಗೆ ಸುಲಭವಾಗಿ ಬೆಂಕಿ ಹಿಡಿಯುತ್ತದೆ. ಕನ್ನಡಿಯಂತೆ ಹೊಳೆಯುವ ಸ್ಟೀಲಿಗೆ ಸ್ಟೀಲ್ ನಾರು ತಾಗಿಸಿದರೆ ಆ ಗೀರು ಮತ್ತೆ ಹೋಗುವುದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ತುಂಬ ದಿನ ಕಾಡಿತ್ತು. ದಿನಾ ಬಳಸುವ ಡಬ್ಬಿಯೊಂದರ ಸ್ಟಿಕ್ಕರ್ ತೆಗೆದ ಮೇಲೂ ಅದರ ಆಕಾರ ಹಾಗೇ ಕಾಣುತ್ತಿತ್ತು. ಅಂಟು ಹೋಗಿಲ್ಲವೆಂದು ಮತ್ತೆ ಮತ್ತೆ ಎಣ್ಣೆ ಹಚ್ಚಿದೆ. ಒಂದು ದಿನ ಅದರ ಮೇಲೆ ಚಿಟಿಕೆ ಅಕ್ಕಿಹಿಟ್ಟು ಉದುರಿಸಿ ಊದಿದೆ. ಹಿಟ್ಟು ಒಂದು ಕಣವೂ ನಿಲ್ಲಲಿಲ್ಲ. ಅಂಟು ಎಂದೋ ಹೋಗಿತ್ತು. ಸುತ್ತಲಿನ ಸ್ಟೀಲು ವರ್ಷಗಟ್ಟಲೆ ತಿಕ್ಕಿಸಿಕೊಂಡು ಮಂಕಾಗಿತ್ತು, ಸ್ಟಿಕ್ಕರಿನ ಅಡಿಯದು ಅಂಗಡಿಯಿಂದ ಬಂದ ಹೊಳಪಿನಲ್ಲೇ ಉಳಿದಿತ್ತು. ಅದನ್ನು ಯಾವ ಎಣ್ಣೆಯೂ ಅಳಿಸದು. ಹಿಟ್ಟು ನಿಂತರೆ ಮಾತ್ರ ಅಂಟು ಇದೆ ಎಂದು ತಿಳಿಯಿರಿ.

ಈ ಎಣ್ಣೆ ಸೋಲುವ ಜಾಗಗಳಿವೆ. ಎಸೆಯುವ ಕವರ್, ಹಳೇ ಕಾರ್ಡು ಬಿಟ್ಟರೆ ಬೇರೆ ಪ್ಲಾಸ್ಟಿಕ್ಕಿನ ಹತ್ತಿರ ಇದನ್ನು ಬಿಡಬಾರದು. ಬಳಸಲು ಸುಲಭವಾಗಲೆಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಸ್ವಲ್ಪ ಸುರಿದಿಟ್ಟಿದ್ದೆ. ಮರುದಿನ ಅದು ಮಬ್ಬಾಗಿ, ಒಳಗೆಲ್ಲ ಜಿಗುಟಾಗಿತ್ತು. ಥರ್ಮಾಕೋಲ್ ಅಂತೂ ಕರಗಿಯೇ ಹೋಗುತ್ತದೆ. ಟಿಫಿನ್ ಕ್ಯಾರಿಯರಿನ ಪ್ಲಾಸ್ಟಿಕ್ ಹಿಡಿಕೆ, ಡಬ್ಬಿಯ ರಬ್ಬರ್ ವಾಷರ್ ಬಿಚ್ಚಿಟ್ಟೇ ಕೆಲಸ ಮಾಡಿ. ಮಕ್ಕಳಿರುವ ಮನೆಯವರು ಇದನ್ನು ಎತ್ತರದ ಬೀಗದ ಕಪಾಟಿನಲ್ಲಿಡಿ. ನೆಗಡಿಗೆ ಮೂಸುವ ಎಣ್ಣೆ ತಾನೇ ಎಂಬ ಸಲುಗೆ ಬೇಡ. ಒಂದು ಟೀ ಚಮಚದಷ್ಟು ಹೊಟ್ಟೆಗೆ ಹೋದರೂ ಮಗುವಿಗೆ ಅದು ವಿಷ.

ಕೊಬ್ಬರಿ ಎಣ್ಣೆ ಸಾಲದೇ ಎಂದು ಕೇಳುವವರಿಗೆ: ಸಾಲುತ್ತದೆ, ಆದರೆ ರಾತ್ರಿಯಿಡೀ ಬಿಡಬೇಕು, ಮತ್ತು ಹಳದಿಗಟ್ಟಿದ ಅಂಟಿಗೆ ಹಲವು ರಾತ್ರಿ ಬೇಕು. ಒಂದೆರಡು ಬಾಟಲಿ ಇರುವವರು ಇದಕ್ಕಾಗಿ ನೀಲಗಿರಿ ಎಣ್ಣೆ ಕೊಳ್ಳಬೇಕಾಗಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದ ಬಾಟಲಿಯ ಮುಚ್ಚಳದ ಚಿಂತೆಯೂ ಇಲ್ಲ.

ಕನ್ನಡಿಗೆ ನಾನು ಈಗ ಈ ಎಣ್ಣೆ ಬಳಸುವುದನ್ನೇ ಬಿಟ್ಟಿದ್ದೇನೆ. ನಮ್ಮ ಬಚ್ಚಲುಮನೆಯ ಕನ್ನಡಿಯ ಅಂಚಿನಲ್ಲಿ ಅಮ್ಮ ದಿನಾ ಸ್ಟಿಕ್ಕರ್ ಬೊಟ್ಟು ತೆಗೆದು ಅಂಟಿಸುತ್ತಾರೆ. ವರ್ಷಗಳ ಬೊಟ್ಟು, ಕೆಳಗೆ ಉಂಗುರ ಉಂಗುರವಾಗಿ ಅಂಟು. ನೀಲಗಿರಿ ಎಣ್ಣೆ ಸವರಿದಾಗ ಅಂಟು ಬಿಡುವುದಕ್ಕಿಂತ ಹೆಚ್ಚಾಗಿ ಹರಡಿತು. ಅದಕ್ಕೆ ನೆಟ್ಟಗೆ ಕೆಲಸ ಮಾಡಿದ್ದು ಕೊರೊನಾ ಕಾಲದಲ್ಲಿ ತಂದು ಉಳಿದಿದ್ದ, ನೀರಿನಂತಿರುವ ಆಲ್ಕೋಹಾಲ್ ಸ್ಯಾನಿಟೈಜರ್. ಹತ್ತಿಗೆ ಹಾಕಿ ಬೊಟ್ಟಿನ ಮೇಲೆ ಒಂದು ನಿಮಿಷ ಒತ್ತಿ ಹಿಡಿದರೆ ಉಂಗುರ ಮೆದುವಾಗಿ ಒರೆಸಿದರೆ ಬರುತ್ತದೆ.

ಏನೇ ಬಳಸಿದರೂ ಕನ್ನಡಿಗೆ ನೇರವಾಗಿ ಸುರಿಯಬೇಡಿ, ಸ್ಪ್ರೇ ಮಾಡಬೇಡಿ. ಗಾಜಿನ ಹಿಂದೆ ಬೆಳ್ಳಿಯ ತೆಳು ಪದರ, ಅದನ್ನು ಕಾಯಲು ಬಣ್ಣ ಬಳಿದಿರುತ್ತಾರೆ. ದ್ರವ ಇಳಿದು ಕೆಳ ಅಂಚಿನಿಂದ ಹಿಂದಕ್ಕೆ ಹೋದರೆ ಆ ಬಣ್ಣ ಎದ್ದು, ಬೆಳ್ಳಿ ಕಪ್ಪಾಗುತ್ತದೆ. ನಮ್ಮ ಹಳೇ ಕನ್ನಡಿಯ ಕೆಳಮೂಲೆಯ ಕಪ್ಪು ಹಾಗೆ ಬಂದದ್ದು, ಅದು ಸರಿಯಾಗಲಿಲ್ಲ. ಹತ್ತಿಯನ್ನು ಹಿಂಡಿ, ಅಂಚಿನಿಂದ ಒಳಕ್ಕೆ ಒರೆಸಿ.

ಕೊನೆಗೆ ಕನ್ನಡಿಯ ಮೇಲೆ ಬಾಯಿಯಿಂದ ಬಿಸಿ ಉಸಿರು ಬಿಡಿ. ಎಲ್ಲ ಕಡೆ ಒಂದೇ ಸಮ ಮಂಜು ಕಟ್ಟಿದರೆ ಸ್ವಚ್ಛವಾಗಿದೆ. ಬೊಟ್ಟಿದ್ದ ಕಡೆ ಗುಂಡಗೆ ಬೇರೆಯಾಗಿ ಕಂಡರೆ ಅಂಟಿನ ತೆಳು ಪದರ ಇನ್ನೂ ಇದೆ, ಹೊಸ ಹತ್ತಿ ತೆಗೆದುಕೊಂಡು ಇನ್ನೊಮ್ಮೆ ಒರೆಸಿ. ಈಗ ಅಮ್ಮನಿಗೆ ಬೊಟ್ಟು ಅಂಟಿಸಲು ಕನ್ನಡಿಯ ಪಕ್ಕದ ಟೈಲ್ಸ್ ಮೇಲೆ ಸಣ್ಣದೊಂದು ಸ್ಟೀಲ್ ತಟ್ಟೆ ಹಾಕಿಸಿಕೊಟ್ಟಿದ್ದೇನೆ. ಅದನ್ನು ಕಳಚಿ ಬಿಸಿನೀರಿಗೆ ಹಾಕಿದರೆ ತಿಂಗಳ ಬೊಟ್ಟೆಲ್ಲ ಒಟ್ಟಿಗೆ ಬರುತ್ತವೆ.