ಕ್ರೇಪ್ ಸ್ಕರ್ಟಿಗೆ ಕಾಣದ ಜಿಪ್: ಗುಂಡುಸೂಜಿ, ಅಂಟುಪಟ್ಟಿ, ಆರ್ಗಂಜಾ

ಅಕ್ಕನ ಮಗಳು ತನ್ನ ಅಜ್ಜಿಯ ಹಳೆಯ ಮೈಸೂರು ಸಿಲ್ಕ್ ಸೀರೆಯನ್ನು ತಂದು ನನ್ನ ಹೊಲಿಗೆ ಯಂತ್ರದ ಮೇಲೆ ಇಟ್ಟಳು. ಮಡಿಕೆಯ ಜಾಗದಲ್ಲಿ ಎರಡು ಕಡೆ ಬಿರಿದಿತ್ತು, ಇನ್ನು ಉಡುವಂತಿರಲಿಲ್ಲ. ‘ಚಿಕ್ಕಮ್ಮ, ಇದರಲ್ಲಿ ಕೆಳಗೆ ಅಗಲವಾಗುವ ಸ್ಕರ್ಟ್ ಹೊಲಿದುಕೊಡಿ, ಅಂಚು ಕೆಳಗೆ ಬರಲಿ, ಜಿಪ್ ಮಾತ್ರ ಕಾಣಬಾರದು’ ಎಂದಳು. ನಾನು ತಕ್ಷಣ ಒಪ್ಪಿಕೊಳ್ಳಲಿಲ್ಲ. ಹಿಂದಿನ ವರ್ಷ ಅವಳಿಗೇ ಒಂದು ತೆಳು ಸ್ಕರ್ಟ್ ಹೊಲಿದು, ಪಕ್ಕದ ಹೊಲಿಗೆಯಲ್ಲಿ ಇನ್‌ವಿಸಿಬಲ್ ಜಿಪ್ ಕೂರಿಸಿದ್ದೆ. ಜಿಪ್ಪೇನೋ ಕಾಣುತ್ತಿರಲಿಲ್ಲ. ಆದರೆ ಅದರ ಉದ್ದಕ್ಕೂ ಬಟ್ಟೆ ಕರಿದ ಹಪ್ಪಳದ ಅಂಚಿನಂತೆ ಅಲೆಯಲೆಯಾಗಿ ಎದ್ದು, ಜಿಪ್ ಇರುವ ಜಾಗವನ್ನು ಊರಿಗೆಲ್ಲ ಸಾರುತ್ತಿತ್ತು.

ಈ ಸಲ ಸ್ಕರ್ಟಿಗೆಂದು ಸೀರೆ ಕತ್ತರಿಸುವ ಮೊದಲು ಅದರ ಚೂರುಗಳ ಮೇಲೆ ಮೂರು ದಾರಿಗಳನ್ನು ಪ್ರಯತ್ನಿಸಿ ನೋಡಿದೆ. ಬರೀ ಗುಂಡುಸೂಜಿ ಚುಚ್ಚಿ ಹೊಲಿಯುವುದು ಒಂದು. ಇಸ್ತ್ರಿ ಹಾಕಿದರೆ ಅಂಟಿಕೊಳ್ಳುವ ತೆಳು ಕ್ಯಾನ್ವಾಸ್ ಪಟ್ಟಿಯನ್ನು ಒಳಗೆ ಕೊಟ್ಟು ಹೊಲಿಯುವುದು ಇನ್ನೊಂದು. ಆರ್ಗಂಜಾ ಪಟ್ಟಿಯನ್ನು ಕೈಹೊಲಿಗೆಯಲ್ಲಿ ಕೂರಿಸಿ ಆಮೇಲೆ ಯಂತ್ರಕ್ಕೆ ಕೊಡುವುದು ಮೂರನೆಯದು.

ಈ ಬಟ್ಟೆ ಏಕೆ ಇಷ್ಟು ಕಾಡುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಸೀರೆಯ ಅಂಚು ಹಾಸಿನ, ಅಂದರೆ ಉದ್ದ ನೂಲಿನ, ದಿಕ್ಕಿಗೆ ಓಡುತ್ತದೆ. ಅಂಚನ್ನು ಸ್ಕರ್ಟಿನ ಕೆಳಭಾಗಕ್ಕೆ ಇಟ್ಟರೆ ಸೊಂಟದಿಂದ ಕೆಳಗಿಳಿಯುವ ಹೊಲಿಗೆ ಅಡ್ಡ ನೂಲಾದ ಹೊಕ್ಕಿನ ಕಡೆಗೆ ಬರುತ್ತದೆ. ಮೈಸೂರು ಸಿಲ್ಕ್ ಕ್ರೇಪ್ ಬಟ್ಟೆ, ಈ ಬಗೆಯ ಕ್ರೇಪಿನಲ್ಲಿ ಬಿಗಿಯಾಗಿ ತಿರುಚಿದ ನೂಲು ಇರುವುದು ಹೊಕ್ಕಿನಲ್ಲೇ. ಎಳೆದರೆ ಅದು ಹಿಗ್ಗುತ್ತದೆ, ಒದ್ದೆಯಾದರೆ ಕುಗ್ಗುತ್ತದೆ. ಸಾಲದ್ದಕ್ಕೆ ಕೆಳಗೆ ಅಗಲವಾಗುವ ಸ್ಕರ್ಟಿನ ಪಕ್ಕದ ಅಂಚು ನೇರವಾಗಿರದೆ ಓರೆಯಾಗಿರುತ್ತದೆ, ಓರೆ ಕತ್ತರಿಸಿದ ಅಂಚು ಮುಟ್ಟಿದರೆ ಸಾಕು ಬೆಳೆಯುತ್ತದೆ. ಜಿಪ್ಪಿನ ಪಟ್ಟಿಯಾದರೋ ಪಾಲಿಯೆಸ್ಟರಿನದು, ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹಿಗ್ಗಿದ ಬಟ್ಟೆಯನ್ನು ಹಿಗ್ಗದ ಪಟ್ಟಿಗೆ ಕಟ್ಟಿದಾಗ ಮಿಕ್ಕ ಬಟ್ಟೆ ಅಲೆಯಾಗಿ ಮೇಲೇಳುತ್ತದೆ, ಅದಕ್ಕೆ ಹೋಗಲು ಬೇರೆ ಜಾಗವಿಲ್ಲ.

ಪರೀಕ್ಷೆಗೆಂದು ಪಕ್ಕದ ಹೊಲಿಗೆಯ ಓರೆಯನ್ನೇ ಹಿಡಿದು, 30 ಸೆಂಟಿಮೀಟರ್ ಉದ್ದದ ಮೂರು ಜೊತೆ ತುಂಡುಗಳನ್ನು ಕತ್ತರಿಸಿಕೊಂಡೆ. ಜಿಪ್ ಬರುವ ಜಾಗ 20 ಸೆಂಟಿಮೀಟರ್. ಬಟ್ಟೆಯ ಮೇಲೂ ಜಿಪ್ಪಿನ ಪಟ್ಟಿಯ ಮೇಲೂ ಐದೈದು ಸೆಂಟಿಮೀಟರಿಗೆ ಒಂದೊಂದು ಗುರುತು ಹಾಕಿದೆ. ಹೊಲಿದ ಮೇಲೆ ಗುರುತಿಗೆ ಗುರುತು ಕೂಡಿದೆಯೇ ಎಂದು ನೋಡಿದರೆ ಕಳ್ಳ ಎಲ್ಲಿದ್ದಾನೆ ಎಂದು ಗೊತ್ತಾಗುತ್ತದೆ. ಮೂರಕ್ಕೂ ಒಂದೇ ಯಂತ್ರ, ಒಂಬತ್ತನೇ ನಂಬರಿನ ಹೊಸ ಸೂಜಿ, ಎರಡೂವರೆ ಮಿಲಿಮೀಟರಿನ ಹೊಲಿಗೆ, ಅಡಿಯಲ್ಲಿ ಎರಡು ತೋಡುಗಳಿರುವ ಇನ್‌ವಿಸಿಬಲ್ ಜಿಪ್ಪಿನ ಫುಟ್. ಜಿಪ್ಪಿನ ಸುರುಳಿಯನ್ನು ಮೊದಲೇ ಹದವಾದ ಬಿಸಿಯಲ್ಲಿ ಇಸ್ತ್ರಿಯಿಂದ ಬಿಡಿಸಿಕೊಂಡಿದ್ದೆ. ಇಸ್ತ್ರಿ ಹೆಚ್ಚು ಕಾದರೆ ಸುರುಳಿಯೇ ಕರಗುತ್ತದೆ. ಎರಡೂ ಬದಿಯನ್ನು ಮೇಲಿನಿಂದ ಕೆಳಕ್ಕೇ ಹೊಲಿದೆ. ಒಂದು ಬದಿ ಮೇಲಿನಿಂದ, ಇನ್ನೊಂದು ಕೆಳಗಿನಿಂದ ಹೊಲಿದರೆ ಎರಡೂ ಬೇರೆ ಬೇರೆ ಕಡೆಗೆ ಸರಿದು ಸೊಂಟದಲ್ಲಿ ಒಂದಕ್ಕೊಂದು ಕೂಡುವುದಿಲ್ಲ.

ಗುಂಡುಸೂಜಿಯ ದಾರಿಗೆ ಹಿಡಿದದ್ದು ಹತ್ತು ನಿಮಿಷ. ಯಂತ್ರದ ಕೆಳಗಿನ ಹಲ್ಲುಗಳು ಅಡಿಯಲ್ಲಿರುವ ಬಟ್ಟೆಯನ್ನು ಹಿಡಿದು ಮುಂದಕ್ಕೆ ನೂಕುತ್ತವೆ, ಮೇಲಿರುವ ಜಿಪ್ಪಿನ ಪಟ್ಟಿಯನ್ನು ಫುಟ್ ತಡೆಯುತ್ತದೆ. ಎರಡು ಗುಂಡುಸೂಜಿಗಳ ನಡುವೆ ಬಟ್ಟೆ ತನ್ನ ಪಾಡಿಗೆ ಓಡಿಹೋಗಿತ್ತು. ಬಟ್ಟೆಯ 20 ಸೆಂಟಿಮೀಟರ್ ಗುರುತು ಪಟ್ಟಿಯ 19.4ರ ಬಳಿಯೇ ಬಂದು ಮುಟ್ಟಿತ್ತು. ಆರು ಮಿಲಿಮೀಟರ್ ಏನು ಮಹಾ ಎನ್ನಿಸಬಹುದು. ಗಟ್ಟಿ ಬಟ್ಟೆಯಾದರೆ ನುಂಗಿಕೊಳ್ಳುತ್ತಿತ್ತು. ಈ ಕ್ರೇಪಿನಲ್ಲಿ ಮಾತ್ರ ಸಾಲಾಗಿ ಐದು ಅಲೆಗಳು ಎದ್ದು ನಿಂತವು.

ಅಂಟುಪಟ್ಟಿಯ ಮೇಲೆ ನನಗೆ ಬಹಳ ನಂಬಿಕೆ ಇತ್ತು. ಶಿವರಾಂಪೇಟೆಯ ಅಂಗಡಿಯಲ್ಲಿ ಸಿಕ್ಕ ಅತಿ ತೆಳುವಾದದ್ದನ್ನೇ ತಂದು, ಎರಡು ಸೆಂಟಿಮೀಟರ್ ಅಗಲಕ್ಕೆ, ಹಿಗ್ಗದ ದಿಕ್ಕಿನಲ್ಲಿ ಕತ್ತರಿಸಿಕೊಂಡೆ. ಹೊಲಿಗೆ ಬರುವುದು ಅಂಚಿನಿಂದ ಒಂದೂವರೆ ಸೆಂಟಿಮೀಟರ್ ಒಳಗೆ. ಹೊಲಿಗೆಯ ಗೆರೆ ಪಟ್ಟಿಯ ಮೇಲೆಯೇ ಬೀಳಬೇಕು, ಇಲ್ಲದಿದ್ದರೆ ಪಟ್ಟಿ ಇದ್ದೂ ಇಲ್ಲದ ಹಾಗೆ. ಒಣ ಇಸ್ತ್ರಿಯಲ್ಲಿ ಅದು ಸರಿಯಾಗಿ ಹಿಡಿಯಲಿಲ್ಲ. ಒದ್ದೆ ಬಟ್ಟೆ ಹಾಕಿ ಒತ್ತಿದಾಗ ಹಿಡಿಯಿತು. ಆದರೆ ಹಬೆ ತಗುಲಿದ ಕ್ರೇಪ್ ಕುಗ್ಗಿತು, ಪಟ್ಟಿ ಕುಗ್ಗಲಿಲ್ಲ, ನಡುವೆ ಸಣ್ಣ ಸಣ್ಣ ಗುಳ್ಳೆಗಳು ಬಂದವು. ಹೊಲಿದಾಗ ಜಿಪ್ಪಿನ ಬದಿಯಲ್ಲಿ ಅಲೆ ಒಂದೂ ಇರಲಿಲ್ಲ, ಗುರುತುಗಳೂ ಹೆಚ್ಚುಕಡಿಮೆ ಕೂಡಿದ್ದವು, ಅದನ್ನು ಒಪ್ಪಿಕೊಳ್ಳಬೇಕು. ಆದರೂ ಬೆಳಕಿಗೆ ಹಿಡಿದರೆ ಹೊಲಿಗೆಯಿಂದ ಅರ್ಧ ಸೆಂಟಿಮೀಟರ್ ಆಚೆ ಪಟ್ಟಿಯ ಅಂಚು ಗೆರೆ ಎಳೆದಂತೆ ಕಾಣುತ್ತಿತ್ತು. ಜಿಪ್ ಕಾಣದೆ ಪಟ್ಟಿ ಕಾಣುವುದಾದರೆ ಇಷ್ಟೆಲ್ಲ ಮಾಡಿ ಏನು ಬಂತು?

ಆರ್ಗಂಜಾ ಸಿಕ್ಕಿದ್ದು ನನ್ನದೇ ಹಳೆಯ ದುಪಟ್ಟಾದಲ್ಲಿ. ಅದರ ಹಾಸಿನ ಉದ್ದಕ್ಕೆ ಎರಡು ಸೆಂಟಿಮೀಟರಿನ ಪಟ್ಟಿಗಳನ್ನು ಕತ್ತರಿಸಿದೆ. ಇಲ್ಲಿ ಒಂದು ವಿಷಯದಲ್ಲಿ ತಪ್ಪಬಾರದು. ಪಟ್ಟಿಯ ಉದ್ದವನ್ನೂ ಗುರುತುಗಳನ್ನೂ ಕಾಗದದ ನಕ್ಷೆಯಿಂದ ಅಳೆಯಬೇಕು, ಕತ್ತರಿಸಿದ ಬಟ್ಟೆಯಿಂದ ಅಳೆಯಬಾರದು. ಕತ್ತರಿಸಿ ಎತ್ತಿಡುವಷ್ಟರಲ್ಲೇ ನನ್ನ ಬಟ್ಟೆಯ ಅಂಚು 20 ಇದ್ದದ್ದು 20.4 ಆಗಿತ್ತು. ಅದನ್ನು ನೋಡಿ ಪಟ್ಟಿ ಕತ್ತರಿಸಿದ್ದರೆ ಬಟ್ಟೆಯ ತಪ್ಪನ್ನು ಪಟ್ಟಿಗೂ ಕಲಿಸಿದಂತಾಗುತ್ತಿತ್ತು.

ಬಟ್ಟೆಯ ಒಳಮೈಗೆ ಪಟ್ಟಿಯನ್ನು ಇಟ್ಟು, ಗುರುತಿಗೆ ಗುರುತು ಕೂಡಿಸಿ, ಸಣ್ಣ ಹತ್ತಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿದೆ. ಮಿಕ್ಕ ನಾಲ್ಕು ಮಿಲಿಮೀಟರನ್ನು ಒಂದೇ ಕಡೆ ಗುಡ್ಡೆಯಾಗಲು ಬಿಡದೆ ಉದ್ದಕ್ಕೂ ಹಂಚಿದೆ. ಬೆರಳ ತುದಿಗೆ ಸಣ್ಣಗೆ ಉಬ್ಬು ತಗುಲುತ್ತಿತ್ತು. ಆಗ ಒದ್ದೆ ಮಲ್ ಬಟ್ಟೆಯನ್ನು ಮೇಲೆ ಹಾಸಿ, ಇಸ್ತ್ರಿಯನ್ನು ಒತ್ತದೆ, ತಾಗಿಯೂ ತಾಗದಂತೆ ಹಿಡಿದೆ. ಹಬೆಗೆ ಕ್ರೇಪ್ ತಾನಾಗಿ ಕುಗ್ಗಿ ಪಟ್ಟಿಯ ಅಳತೆಗೆ ಬಂದು ಕೂತಿತು. ಅಂಟುಪಟ್ಟಿಯನ್ನು ಕೆಡಿಸಿದ ಗುಣವೇ ಇಲ್ಲಿ ಕೆಲಸಕ್ಕೆ ಬಂತು, ಏಕೆಂದರೆ ಇಲ್ಲಿ ಬಟ್ಟೆಯನ್ನು ಯಾವ ಅಂಟೂ ಹಿಡಿದಿರಲಿಲ್ಲ. ರೇಷ್ಮೆಯ ಮೇಲೆ ನೀರಿನ ಕಲೆ ನಿಲ್ಲಬಹುದು, ಆದ್ದರಿಂದ ಮೊದಲು ಚೂರಿನ ಮೇಲೆ ನೋಡಿಕೊಂಡಿದ್ದೆ.

ಆಮೇಲೆ ಜಿಪ್ಪನ್ನೂ ಕಚ್ಚಾ ಹೊಲಿಗೆಯಲ್ಲೇ ಕೂರಿಸಿದೆ. ಆ ದಾರ ಯಂತ್ರದ ಹೊಲಿಗೆಗೆ ಸಿಕ್ಕಿಕೊಂಡರೆ ಬಿಚ್ಚುವುದು ತಲೆನೋವು, ಹಾಗಾಗಿ ಅದನ್ನು ಹೊಲಿಗೆಯ ಗೆರೆಗಿಂತ ಎರಡು ಮಿಲಿಮೀಟರ್ ಹೊರಗೆ, ಅಂಚಿನ ಕಡೆಗೆ ಹಾಕಿದೆ. ಯಂತ್ರಕ್ಕೆ ಕೊಟ್ಟಾಗ ಜಿಪ್ಪನ್ನು ಹಿಂದಿನಿಂದಾಗಲಿ ಮುಂದಿನಿಂದಾಗಲಿ ಎಳೆಯಲಿಲ್ಲ. ಸೂಜಿ ಸುರುಳಿಯ ಪಕ್ಕಕ್ಕೇ ಇಳಿಯಬೇಕು, ಆದರೆ ಸುರುಳಿಯನ್ನು ತಾಗಬಾರದು. ತಾಗಿದರೆ ಜಿಪ್ಪಿನ ರನ್ನರ್ ಅಲ್ಲಿ ಸಿಕ್ಕಿಕೊಳ್ಳುತ್ತದೆ, ದೂರವಾದರೆ ಪಟ್ಟಿ ಇಣುಕುತ್ತದೆ. ಮುಗಿಸಿ ನೋಡಿದಾಗ ಗುರುತುಗಳು ಕೂಡಿದ್ದವು, ಬದಿ ಸಪಾಟಾಗಿತ್ತು, ಒಳಗೆ ಪಟ್ಟಿ ಇದೆ ಎಂಬ ಸುಳಿವೂ ಹೊರಗೆ ಇರಲಿಲ್ಲ. ಒಂದೊಂದು ಬದಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಇದರಲ್ಲಿ ಆರ್ಗಂಜಾಕ್ಕೆ ಎಷ್ಟು ಕೀರ್ತಿ, ಕಚ್ಚಾ ಹೊಲಿಗೆಗೆ ಎಷ್ಟು ಎಂಬ ಅನುಮಾನ ಬಂದು, ಪಟ್ಟಿ ಇಲ್ಲದೆ ಬರೀ ಕಚ್ಚಾ ಹೊಲಿಗೆಯಲ್ಲಿ ಇನ್ನೊಂದು ಚೂರನ್ನು ಹೊಲಿದೆ. ಐದು ಅಲೆ ಎರಡಕ್ಕೆ ಇಳಿಯಿತು. ಯಂತ್ರ ಬಟ್ಟೆಯನ್ನು ಓಡಿಸುವುದನ್ನು ಕಚ್ಚಾ ಹೊಲಿಗೆ ತಡೆಯುತ್ತದೆ, ಮೊದಲೇ ಹಿಗ್ಗಿಹೋದ ಬಟ್ಟೆಗೆ ಅದು ಏನೂ ಮಾಡಲಾರದು.

ಜಿಪ್ಪಿನ ಆಯ್ಕೆಯೂ ಉಂಟು. ಮಾಮೂಲಿ ಪಟ್ಟಿಯ ಜಿಪ್ಪಿಗಿಂತ ಬಲೆಯಂಥ ಪಟ್ಟಿ ಇರುವುದು ಹಗುರ, ತೆಳು ಬಟ್ಟೆಯಲ್ಲಿ ತೂಗಿ ಬೀಳುವುದಿಲ್ಲ. ನಾನು ಸ್ಕರ್ಟಿಗೆ ಅದನ್ನೇ ಹಾಕಿದೆ. ಆದರೆ ಆ ಬಲೆ ತುಸು ಜಗ್ಗುತ್ತದೆ. ಕೈ ತಡೆಯದೆ ಎಳೆಯುವ ಅಭ್ಯಾಸವಿದ್ದವರಿಗೆ ಮಾಮೂಲಿ ಪಟ್ಟಿಯೇ ಮೇಲು.

ನಿಜವಾದ ಸ್ಕರ್ಟಿನಲ್ಲಿ ಎಲ್ಲವೂ ಚೂರಿನಲ್ಲಿ ಆದಂತೆ ಆಗಲಿಲ್ಲ. ಎಡಗಡೆ ಸೊಗಸಾಗಿ ಕೂತಿತು, ಬಲಗಡೆ ಹೊಲಿಗೆಯ ಪಕ್ಕ ಸಣ್ಣ ಸುಕ್ಕುಗಳು ಕಾಣಿಸಿದವು. ಇವು ಅಲೆಗಳಲ್ಲ, ಹೊಲಿಗೆ ಹೊಲಿಗೆಗೆ ಒಂದೊಂದರಂತೆ ಹತ್ತಿರ ಹತ್ತಿರ ಇದ್ದವು. ನಮ್ಮ ಬೀದಿಯ ಹಿರಿಯ ದರ್ಜಿಯೊಬ್ಬರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, ಕತ್ತರಿಯ ತುದಿಯಿಂದ ಮೇಲಿನ ದಾರವನ್ನು ಒಂದೇ ಒಂದು ಕಡೆ ಕತ್ತರಿಸಿದರು. ಆ ಜಾಗದಲ್ಲಿ ಬಟ್ಟೆ ತಕ್ಷಣ ಮಲಗಿತು. ‘ನೋಡಿ ಅಮ್ಮ, ದಾರ ಬಿಗಿಯಾಗಿದೆ ಅಷ್ಟೇ. ಬಟ್ಟೆ ಹಿಗ್ಗಿದ್ದರೆ ದಾರ ಕತ್ತರಿಸಿದರೂ ಅಲೆ ಹೋಗುತ್ತಿರಲಿಲ್ಲ’ ಎಂದರು. ಬಾಬಿನ್ ಬದಲಿಸುವಾಗ ಮೇಲಿನ ದಾರದ ಬಿಗಿಯ ಗುಂಡಿಗೆ ಕೈ ತಾಗಿದ್ದಿರಬೇಕು. ಸಡಿಲಿಸಿ ಆ ಬದಿಯನ್ನು ಮತ್ತೆ ಹೊಲಿದೆ. ಕಚ್ಚಾ ಹೊಲಿಗೆ ಇನ್ನೂ ಇದ್ದುದರಿಂದ ಹೊಸದಾಗಿ ಅಳೆಯುವ ಕೆಲಸ ತಪ್ಪಿತು.

ಸೊಂಟಪಟ್ಟಿಗೆ ಸೀರೆಯ ಇನ್ನೊಂದು ಅಂಚನ್ನೇ ಬಳಸಿದೆ. ಅದು ಹಾಸಿನ ಉದ್ದಕ್ಕಿರುವುದರಿಂದ ಹಿಗ್ಗುವ ಭಯವಿಲ್ಲ, ಜಿಪ್ಪಿನ ಮೇಲ್ತುದಿಯನ್ನು ಅಲುಗಾಡದಂತೆ ಹಿಡಿದುಕೊಂಡಿದೆ. ಜಿಪ್ ಮುಗಿಯುವ ಕಡೆ ಮಾತ್ರ ಅರ್ಧ ಕಾಳಿನಷ್ಟು ಉಬ್ಬು ಉಳಿಯಿತು. ಕೆಳಗಿನ ಹೊಲಿಗೆಯನ್ನು ಜಿಪ್ಪಿನ ಹೊಲಿಗೆಗಿಂತ ಅರ್ಧ ಸೆಂಟಿಮೀಟರ್ ಮೇಲಿನಿಂದ ಶುರುಮಾಡಿ, ಕಿರಿದಾದ ಒಂಟಿ ಬದಿಯ ಫುಟ್ ಹಾಕಿ ಹೊಲಿದಿದ್ದರೂ ಅದು ಪೂರ್ತಿ ಹೋಗಲಿಲ್ಲ. ಅಕ್ಕನ ಮಗಳ ಕಣ್ಣಿಗೆ ಬಿದ್ದಿಲ್ಲ, ನನಗೆ ಮಾತ್ರ ಪ್ರತಿ ಸಲವೂ ಮೊದಲು ಅದೇ ಕಾಣುತ್ತದೆ.

ಇದಾದ ಮೇಲೆ ನನಗಾಗಿ ತೆಳು ಹತ್ತಿ ಬಟ್ಟೆಯಲ್ಲಿ ಒಂದು ಸ್ಕರ್ಟ್ ಹೊಲಿದುಕೊಂಡೆ. ಬಟ್ಟೆಯನ್ನು ಮೊದಲೇ ಒಗೆದು ಕುಗ್ಗಿಸಿದ್ದೆ, ಜಿಪ್ಪನ್ನು ಬೆನ್ನಿನ ನಡುವೆ ನೇರ ಹಾಸಿನ ಮೇಲೆ ಇಟ್ಟೆ. ಅದಕ್ಕೆ ಆರ್ಗಂಜಾದ ಗೋಜಿಗೆ ಹೋಗಲಿಲ್ಲ. ಶಿವರಾಂಪೇಟೆಯಿಂದ ತಂದು ಮಿಕ್ಕಿದ್ದ ಅಂಟುಪಟ್ಟಿಯನ್ನೇ ಒತ್ತಿ, ಗುಂಡುಸೂಜಿಯಲ್ಲೇ ಹೊಲಿದೆ. ಹತ್ತಿ ಬಿಸಿಯನ್ನೂ ಹಬೆಯನ್ನೂ ತಾಳಿಕೊಂಡಿತು, ಅಚ್ಚು ಹಾಕಿದ ಬಟ್ಟೆಯಾದ್ದರಿಂದ ಪಟ್ಟಿಯ ಗೆರೆಯೂ ಕಾಣುತ್ತಿಲ್ಲ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿದಿತ್ತು.